ಗಲ್ಫ್ ಏಜೆಂಟರ ಮುಂದೆ ಕುಳಿತಾಗ: ಹಣ, ಕರಾರು, ಪಾಸ್‌ಪೋರ್ಟ್

ಕುಂದಾಪುರದ ನನ್ನ ಸೋದರಳಿಯನಿಗೆ ಸೌದಿಯಲ್ಲಿ ಎಲೆಕ್ಟ್ರಿಷಿಯನ್ ಕೆಲಸವಿದೆ ಎಂದು ಏಜೆಂಟರೊಬ್ಬರು ಹೇಳಿದರು. ಬೇಡಿಕೆ ತೊಂಬತ್ತು ಸಾವಿರ ರೂಪಾಯಿ. ಪಾಸ್‌ಪೋರ್ಟ್ ಅಂದೇ ಕೊಟ್ಟು ಹೋಗಬೇಕಂತೆ. ಅವನು ಕೊಡದೆ ಮನೆಗೆ ಬಂದದ್ದು ಒಳ್ಳೆಯದಾಯಿತು. ಪಾಸ್‌ಪೋರ್ಟ್ ಮತ್ತು ಹಣ ನಮ್ಮ ಕೈಯಲ್ಲಿರುವವರೆಗೆ ಮಾತ್ರ ಚೌಕಾಸಿಗೆ ಬೆಲೆಯಿದೆ.

ಮೊದಲು ನೋಡಬೇಕಾದದ್ದು ಪರವಾನಗಿ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಾಯಿತ ಏಜೆಂಟರಷ್ಟೇ ವಿದೇಶಿ ಕೆಲಸಕ್ಕೆ ಜನರನ್ನು ಕಳುಹಿಸಬಹುದು. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರವನ್ನು ನಂಬಬೇಡಿ. ಅದರ ಸಂಖ್ಯೆಯನ್ನು ಬರೆದುಕೊಂಡು emigrate.gov.in ತಾಣದ ಏಜೆಂಟರ ಪಟ್ಟಿಯಲ್ಲಿ ಹುಡುಕಿ, ಹೆಸರು, ವಿಳಾಸ ಮತ್ತು ಅವಧಿ ಮೂರೂ ಹೊಂದುತ್ತವೆಯೇ ನೋಡಿ. ಊರಿನಲ್ಲಿ ಜನ ಸೇರಿಸುವ ಸಬ್ ಏಜೆಂಟ್‌ಗೆ ಈ ಕಾಯ್ದೆಯಲ್ಲಿ ಜಾಗವೇ ಇಲ್ಲ. ಅವನ ಕೈಗೆ ಕೊಟ್ಟ ಹಣಕ್ಕೆ ನಾಳೆ ಯಾರೂ ಹೊಣೆಯಾಗುವುದಿಲ್ಲ.

ಇನ್ನು ಹಣ. ಏಜೆಂಟರು ಕಾರ್ಮಿಕನಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ. ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿದರೆ 35,400. ಹಾಗಾದರೆ ತೊಂಬತ್ತು ಸಾವಿರ ಎಲ್ಲಿಂದ ಬಂತು? ಜಗಳವಾಡದೆ ಒಂದೇ ಮಾತು ಕೇಳಲು ಹುಡುಗನಿಗೆ ಹೇಳಿದೆ: "ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಬರೆದುಕೊಡಿ ಸರ್." ಬರೆಯಲು ಕುಳಿತಾಗ ವೀಸಾಕ್ಕೆ ನಲವತ್ತು ಸಾವಿರ, ಉಳಿದದ್ದು ಸೇವಾ ಶುಲ್ಕ, ಟಿಕೆಟ್, ಮೆಡಿಕಲ್ ಎಂದಾಯಿತು. ಸೌದಿಯ ಕಾರ್ಮಿಕ ಕಾನೂನಿನ 40ನೇ ವಿಧಿಯಂತೆ ಕಾರ್ಮಿಕನನ್ನು ಕರೆಸಿಕೊಳ್ಳುವ ಶುಲ್ಕವನ್ನೂ ಇಕಾಮಾ ಎಂಬ ಅಲ್ಲಿನ ವಾಸದ ಪರವಾನಗಿಯ ಖರ್ಚನ್ನೂ ಕಂಪನಿಯೇ ಭರಿಸಬೇಕು. ಇದನ್ನು ಹೇಳಿದ ಮೇಲೆ ವೀಸಾದ ಮೊತ್ತ ಬಿಟ್ಟುಹೋಯಿತು. ಟಿಕೆಟ್ ಕಂಪನಿಯದೆಂದು, ಕೆಲಸಗಾರರು ಬೇಕೆಂದು ಕಂಪನಿ ಏಜೆನ್ಸಿಗೆ ಬರೆದ ಬೇಡಿಕೆ ಪತ್ರದಲ್ಲೇ ಇತ್ತು. ಮೆಡಿಕಲ್ ಶುಲ್ಕವನ್ನು ಪರೀಕ್ಷಾ ಕೇಂದ್ರಕ್ಕೆ ನಾವೇ ಕಟ್ಟಿದೆವು. ಉಳಿದದ್ದು 35,400. ಅದನ್ನೂ ಒಮ್ಮೆಗೇ ಕೊಡಲಿಲ್ಲ. ಕರಾರು ಕೈಗೆ ಬಂದಾಗ ಸ್ವಲ್ಪ, ವೀಸಾ ಮುದ್ರೆಯಾದ ಮೇಲೆ ಉಳಿದದ್ದು. ಎರಡು ಸಲವೂ ಏಜೆನ್ಸಿಯ ಬ್ಯಾಂಕ್ ಖಾತೆಗೆ ಕಟ್ಟಿ ರಸೀದಿ ಪಡೆದೆವು. ನಗದೇ ಬೇಕು, ರಸೀದಿಯಲ್ಲಿ ಕಡಿಮೆ ಬರೆಯುತ್ತೇನೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ಕರಾರಿನಲ್ಲಿ ಸಂಬಳದ ಒಟ್ಟು ಮೊತ್ತಕ್ಕಿಂತ ಮುಂಚೆ ಮೂಲ ವೇತನ ನೋಡಿ. "ತಿಂಗಳಿಗೆ 1,800 ರಿಯಾಲ್" ಎಂದು ಬಾಯಲ್ಲಿ ಹೇಳಿದ್ದು, ಕಾಗದದಲ್ಲಿ 1,200 ಮೂಲ ವೇತನ, 300 ಊಟ, 300 ಓವರ್‌ಟೈಮ್ ಎಂದಿತ್ತು. ಓವರ್‌ಟೈಮನ್ನು ಸಂಬಳದೊಳಗೇ ಸೇರಿಸಿಬಿಟ್ಟರೆ ಹೆಚ್ಚು ಗಂಟೆ ದುಡಿದರೂ ಬೇರೆ ಹಣ ಕೇಳಲು ದಾರಿಯಿರುವುದಿಲ್ಲ. ದಿನಕ್ಕೆ ಎಂಟು ಗಂಟೆ ಕೆಲಸ, ಮೀರಿದ ಗಂಟೆಗೆ ಪ್ರತ್ಯೇಕ ಹಣ ಎಂದು ತಿದ್ದಿಸಿಕೊಂಡೆವು; ಮೂಲ ವೇತನ 1,400ಕ್ಕೆ ಏರಿತು, ಅದಕ್ಕಿಂತ ಮೇಲೆ ಕಂಪನಿ ಒಪ್ಪಲಿಲ್ಲ.

ಹುದ್ದೆಯ ಹೆಸರೂ ಅಷ್ಟೇ ಮುಖ್ಯ. ಕರಾರಿನಲ್ಲಿ ಎಲೆಕ್ಟ್ರಿಷಿಯನ್ ಎಂದಿದ್ದು ವೀಸಾದಲ್ಲಿ ಹೌಸ್ ಡ್ರೈವರ್ ಎಂದಿದ್ದರೆ ಹೋಗಬಾರದು. ಅಲ್ಲಿ ಹೌಸ್ ಡ್ರೈವರ್ ಸೇರಿ ಮನೆಕೆಲಸದವರಿಗೆ ಸಾಮಾನ್ಯ ಕಾರ್ಮಿಕ ಕಾನೂನಿನ ರಕ್ಷಣೆ ಇಲ್ಲ, ಬೇರೆ ನಿಯಮಗಳಿವೆ. ವೀಸಾದ ಅರಬ್ಬಿ ಸಾಲನ್ನು ಓದಬಲ್ಲವರು ಕರಾವಳಿಯ ಊರುಗಳಲ್ಲಿ ಸಿಗುತ್ತಾರೆ, ಅವರಿಗೆ ತೋರಿಸಿ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಡುತ್ತೇವೆ ಎಂಬ ಮಾತಿಗೂ ಒಪ್ಪಬೇಡಿ. ಹತ್ತನೇ ತರಗತಿ ಪಾಸಾಗದವರ ಇಸಿಆರ್ ಪಾಸ್‌ಪೋರ್ಟ್‌ಗೆ ಸೌದಿ ಕೆಲಸಕ್ಕೆ ವಲಸೆ ಅನುಮತಿ ಬೇಕು. ಅದನ್ನು ತಪ್ಪಿಸಲು ಈ ಅಡ್ಡದಾರಿ ಹಿಡಿಯುತ್ತಾರೆ.

ಕೊನೆಯದು ಪಾಸ್‌ಪೋರ್ಟ್. ವೀಸಾ ಮುದ್ರೆಗೆ ಅದನ್ನು ಕೊಡಲೇಬೇಕಾಗುತ್ತದೆ. ಆದರೆ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು ಎಂದು 1967ರ ಕಾಯ್ದೆಯೇ ಹೇಳುತ್ತದೆ. ಬಾಕಿ ಹಣಕ್ಕೆ ಅಡವಿಡುವ ವಸ್ತು ಅದಲ್ಲ. ಎಲ್ಲ ಪುಟಗಳ ಫೋಟೊ ತೆಗೆದುಕೊಂಡು, ಏಜೆನ್ಸಿಯ ಲೆಟರ್‌ಹೆಡ್‌ನಲ್ಲಿ ಇಷ್ಟು ಬರೆಸಿಕೊಂಡೆವು: "ಈ ಸಂಖ್ಯೆಯ ಪಾಸ್‌ಪೋರ್ಟನ್ನು ವೀಸಾ ಮುದ್ರೆಗಾಗಿ ಮಾತ್ರ ಈ ದಿನ ಪಡೆದಿದ್ದೇವೆ. ಇಂಥ ದಿನಾಂಕದೊಳಗೆ, ಅಥವಾ ಅಭ್ಯರ್ಥಿ ಕೇಳಿದ ಕೂಡಲೇ ಹಿಂದಿರುಗಿಸುತ್ತೇವೆ." ಸಹಿ, ಮೊಹರು, ದಿನಾಂಕ. ಐಟಿಐ ಪ್ರಮಾಣಪತ್ರದ ಮೂಲ ಪ್ರತಿಯನ್ನೂ ಕೇಳಿದರು. ದೃಢೀಕರಣಕ್ಕೆ ಬೇಕಾದ ಒಂದನ್ನು ಇದೇ ರೀತಿಯ ರಸೀದಿಗೆ ಕೊಟ್ಟು, ಅಂಕಪಟ್ಟಿಗಳ ನಕಲು ಮಾತ್ರ ಕೊಟ್ಟೆವು.

ಬರೆದ ದಿನಾಂಕ ದಾಟಿ ಎರಡು ದಿನವಾದರೂ ಪಾಸ್‌ಪೋರ್ಟ್ ಬರಲಿಲ್ಲ. ಹುಡುಗ ರಸೀದಿಯ ಫೋಟೊವನ್ನು ಏಜೆಂಟರ ಮೊಬೈಲ್‌ಗೆ ಕಳುಹಿಸಿ, ಏಜೆಂಟರ ಮೇಲಿನ ದೂರು ಕೇಳುವ ಬೆಂಗಳೂರಿನ ವಲಸಿಗರ ಸಂರಕ್ಷಣಾಧಿಕಾರಿಯ ಕಚೇರಿಗೆ ನಾಳೆ ಹೋಗುತ್ತೇನೆ ಎಂದು ಬರೆದ. ಮರುದಿನ ಮಧ್ಯಾಹ್ನ ಪಾಸ್‌ಪೋರ್ಟ್ ಅವನ ಕೈಸೇರಿತು.