ಮೂಲೆಯಲ್ಲಿದ್ದ ಮೈಕ್ ಒರೆಸಿದರೆ ಏನಾಗುತ್ತೆ? ಫೋಟೋ ಡೆಸ್ಕ್‌ನಿಂದ ನನ್ನ ಅನುಭವ

ಸುದ್ದಿ ಫೋಟೋಗಳನ್ನು ಆರಿಸಿ ಪುಟಕ್ಕೆ ಕಳಿಸುವುದು ನನ್ನ ಕೆಲಸ. ಅದಕ್ಕೂ ಮೊದಲು ನಾನೂ ಕ್ಯಾಮೆರಾ ನೇತುಹಾಕಿಕೊಂಡು ಓಡಾಡಿದವನೇ. ಫೋಟೋಗ್ರಾಫರ್‌ಗಳು ನನ್ನ ಜತೆ ಜಾಸ್ತಿ ಜಗಳ ಆಡುವುದು ಒಂದೇ ವಿಷಯಕ್ಕೆ: "ಸರ್, ಮೂಲೆಯಲ್ಲಿ ಚಿಕ್ಕದೊಂದು ಅಡ್ಡ ಬಂದಿತ್ತು, ತೆಗೆದೆ. ಸುದ್ದಿ ಏನಾದ್ರೂ ಬದಲಾಯ್ತಾ?"

ಬದಲಾಗದೇ ಇರಬಹುದು. ಆದರೂ ನಾನು ಒಪ್ಪುವುದಿಲ್ಲ. ಯಾಕಂದ್ರೆ ಫೋಟೋದಲ್ಲಿ ಬರೀ ತೆಗೆಯುವುದು ಅಂತ ಒಂದಿಲ್ಲ. ಏನನ್ನಾದರೂ ಅಳಿಸಿದರೆ ಆ ಜಾಗಕ್ಕೆ ಪಕ್ಕದ ಮಣ್ಣನ್ನೋ ಗೋಡೆಯನ್ನೋ ನಕಲು ಮಾಡಿ ತುಂಬಲೇಬೇಕು. ಆ ವಸ್ತುವಿನ ಹಿಂದೆ ಏನಿತ್ತು ಅಂತ ಕ್ಯಾಮೆರಾ ನೋಡೇ ಇಲ್ಲ. ಅಂದರೆ ನೀವು ತೆಗೆದಿದ್ದು ಒಂದು, ಸೇರಿಸಿದ್ದು ಇನ್ನೊಂದು.

ಒಂದಕ್ಕೆ ಮಾತ್ರ ರಿಯಾಯಿತಿ ಇದೆ, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲಿನ ಧೂಳು. ಅದು ಎದುರಿಗಿದ್ದ ದೃಶ್ಯದಲ್ಲಿ ಇರಲೇ ಇಲ್ಲ, ಹಾಗಾಗಿ ಒರೆಸಬಹುದು. ಆದರೆ ಆಕಾಶದಲ್ಲಿ ಕಾಣುವ ಕಪ್ಪು ಚುಕ್ಕಿ ಧೂಳೋ ಹಕ್ಕಿಯೋ ಅಂತ ಹೇಗೆ ಹೇಳುವುದು? ಹಿಂದಿನ ಮುಂದಿನ ಫ್ರೇಮ್‌ಗಳನ್ನು ತೆಗೆದು ನೋಡಿ. ಧೂಳಾದರೆ ಎಲ್ಲದರಲ್ಲೂ ಅದೇ ಜಾಗದಲ್ಲಿ ಕೂತಿರುತ್ತೆ. ಲೆನ್ಸ್‌ನ ಕಿಂಡಿ ಚಿಕ್ಕದಾಗಿರುವ f/16ನಲ್ಲಿ ಎದ್ದು ಕಾಣುತ್ತೆ, ಕಿಂಡಿ ದೊಡ್ಡದಾಗುವ f/2.8ಗೆ ಬಂದರೆ ಮಸುಕಾಗಿ ಮಾಯವಾಗುತ್ತೆ. ಹಕ್ಕಿಯಾದರೆ ಜಾಗ ಬದಲಿಸಿರುತ್ತೆ. ಹಕ್ಕಿಯನ್ನು ಮುಟ್ಟಬೇಡಿ.

ಈ ಗೆರೆ ಎಷ್ಟು ಬಿಗಿ ಅಂತ ತೋರಿಸೋಕೆ ನಾನು ಹೊಸಬರಿಗೆ ಫೋಟೋಗ್ರಾಫರ್ ಸ್ಟೆಪಾನ್ ರುಡಿಕ್ ಕಥೆ ಹೇಳ್ತೀನಿ. 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಇವರ ಚಿತ್ರಸರಣಿಗೆ ಬಹುಮಾನ ಬಂದು ಆಮೇಲೆ ಅನರ್ಹವಾಯಿತು. ಅದಕ್ಕೆ ಕಾರಣವಾಗಿದ್ದು ಸರಣಿಯಲ್ಲಿದ್ದ, ಕೈಗೆ ಬ್ಯಾಂಡೇಜ್ ಸುತ್ತುತ್ತಿರುವ ಒಂದು ಚಿತ್ರ. ಮೂಲ ಫೋಟೋವನ್ನು ಭಾರಿ ಕ್ರಾಪ್ ಮಾಡಿದ್ದರು, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿದ್ದರು. ಅನರ್ಹವಾಗಿದ್ದು ಅದಕ್ಕಲ್ಲ, ಹಿನ್ನೆಲೆಯಲ್ಲಿ ಇಣುಕುತ್ತಿದ್ದ ಇನ್ನೊಬ್ಬರ ಪಾದದ ಒಂದು ತುಣುಕು ಅಳಿಸಿದ್ದಕ್ಕೆ. ಕೇಳಿದವರಿಗೆಲ್ಲ ಇದು ಅತಿ ಅನ್ನಿಸುತ್ತೆ. ನನಗೆ ಹಾಗನ್ನಿಸುವುದಿಲ್ಲ. ಫೋಟೋಗೆ ಅಂಚು ಇದೆ, ಆಚೆ ಇನ್ನೇನೋ ಇರುತ್ತೆ ಅಂತ ಓದುಗನಿಗೆ ಗೊತ್ತು. ಅಂಚಿನ ಒಳಗೇ ಏನೋ ಕಾಣೆಯಾಗಿದೆ ಅಂತ ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ.

ನನ್ನ ಕೈಗೆ ಬಂದ ಒಂದು ಫೋಟೋ ಹೇಳ್ತೀನಿ. ಕುಸಿದ ಮನೆಯ ಮುಂದೆ ಒಬ್ಬ ಹೆಂಗಸು ಒಂಟಿಯಾಗಿ ಕೂತಿದ್ದಾರೆ. ನೋಡಿದ ತಕ್ಷಣ ಮೊದಲ ಪುಟ ಅನ್ನಿಸುವಂಥದ್ದು. ಆದರೆ 200% ದೊಡ್ಡದು ಮಾಡಿದಾಗ ಎಡಗಡೆ ಗೋಡೆಯಲ್ಲಿ ಮೂಲೆ ಮುರಿದ ಒಂದು ಇಟ್ಟಿಗೆ, ಅದರ ಮೇಲೆ ಓರೆಯಾಗಿ ಹೋದ ಬಿರುಕು ಕಂಡಿತು. ಸ್ವಲ್ಪ ಕೆಳಗೆ ಮತ್ತೆ ಅದೇ ಇಟ್ಟಿಗೆ, ಅದೇ ಬಿರುಕು. 2006ರಲ್ಲಿ ರಾಯಿಟರ್ಸ್‌ಗೆ ಬಂದಿದ್ದ ಬೈರೂತ್ ಹೊಗೆಯ ಫೋಟೋದಲ್ಲೂ ನಕಲು ಮಾಡಿದ್ದರಿಂದ ಹೊಗೆಯ ಸುರುಳಿಗಳು ಹೀಗೇ ಮತ್ತೆ ಮತ್ತೆ ಬಂದಿದ್ದವು.

ಫೋಟೋ ತೆಗೆದ ಹುಡುಗನಿಗೆ ಫೋನ್ ಮಾಡಿ, ಕ್ಯಾಮೆರಾ ದಾಖಲಿಸಿದ ಮೂಲ ಫೈಲ್, ಅಂದರೆ ರಾ ಫೈಲ್ ತರಿಸಿದೆ. ಫೋಟೋಶಾಪ್‌ನಲ್ಲಿ ಎರಡನ್ನೂ ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಮೇಲಿನ ಲೇಯರ್‌ಗೆ ಎರಡರ ವ್ಯತ್ಯಾಸ ತೋರಿಸುವ Difference ಅನ್ನೋ ಬ್ಲೆಂಡ್ ಮೋಡ್ ಕೊಟ್ಟೆ. ಒಂದೇ ಥರ ಇರುವ ಕಡೆ ಕಪ್ಪಾಗುತ್ತೆ, ಬದಲಾದ ಕಡೆ ಬೆಳಗುತ್ತೆ. ಬೆಳಕು, ಕಾಂಟ್ರಾಸ್ಟ್ ಸ್ವಲ್ಪ ತಿದ್ದಿದ್ದರೆ ಇಡೀ ಫೋಟೋ ಮಂದವಾಗಿ ಹೊಳೆಯುತ್ತೆ, ಅದಕ್ಕೆ ಗಾಬರಿ ಬೇಡ. ಆಕಾರ ಇರುವ ಕಲೆ ಹುಡುಕಬೇಕು. ಇಲ್ಲಿ ಸಿಕ್ಕಿದ್ದು ಉದ್ದನೆ ಕೋಲು, ತುದಿಯಲ್ಲಿ ಉಬ್ಬು. ಟಿವಿಯವರ ಮೈಕ್.

"ಮೈಕ್ ಸುದ್ದಿ ಅಲ್ವಲ್ಲ ಸರ್" ಅಂದ. ನಾನು ಕೇಳಿದೆ: "ಸರಿ, ಕ್ಯಾಪ್ಷನ್‌ನಲ್ಲಿ 'ಎಡಗಡೆ ಇದ್ದ ಮೈಕ್ ಅಳಿಸಲಾಗಿದೆ' ಅಂತ ಹಾಕೋಣ್ವಾ?" ಸುಮ್ಮನಾದ. ಹೇಳಿಬಿಟ್ಟರೆ ಫೋಟೋದ ಒಂಟಿತನವೇ ಹೋಗಿಬಿಡುತ್ತೆ. ಮುಚ್ಚಿಟ್ಟರೆ ಮಾತ್ರ ನಡೆಯುವ ಬದಲಾವಣೆ ಅದು. ಸಿರಿಯಾದ ಹೋರಾಟಗಾರನ ಫೋಟೋದ ಮೂಲೆಯಿಂದ ಸಹೋದ್ಯೋಗಿಯ ವಿಡಿಯೋ ಕ್ಯಾಮೆರಾ ಅಳಿಸಿದ್ದಕ್ಕೆ ಎಪಿ ಸುದ್ದಿಸಂಸ್ಥೆ 2014ರಲ್ಲಿ ಫೋಟೋಗ್ರಾಫರ್ ನಾರ್ಸಿಸೋ ಕಾಂಟ್ರೆರಾಸ್ ಜತೆ ಸಂಬಂಧವನ್ನೇ ಕಡಿದುಕೊಂಡಿತು. ಅಲ್ಲೂ ಅಳಿಸಿದ್ದು ಪತ್ರಕರ್ತರು ಅಲ್ಲಿದ್ದರು ಅನ್ನುವ ಗುರುತನ್ನೇ.

"ಹಾಗಾದ್ರೆ ಎಡಗಡೆ ಕ್ರಾಪ್ ಮಾಡ್ತೀನಿ, ಅದಕ್ಕೆ ರೂಲ್ಸ್ ಒಪ್ಪುತ್ತಲ್ಲ" ಅಂದ. ರೂಲ್ಸ್ ಪ್ರಕಾರ ಸರಿಯೇ. ಆದರೆ ಸುತ್ತ ಎಂಟು ಹತ್ತು ಜನ ವರದಿಗಾರರು ನಿಂತಿದ್ದಾಗ ಒಂಟಿ ಹೆಂಗಸು ಅನ್ನುವ ಕಥೆ ಕ್ರಾಪ್ ಮಾಡಿದರೂ ಸುಳ್ಳೇ. ನಕಲು ಮಾಡಿ ತುಂಬಿದವರನ್ನು ಹಿಡಿಯಬಹುದು, ಇದನ್ನು Difference ಕೂಡ ಹಿಡಿಯುವುದಿಲ್ಲ. ಅದಕ್ಕೇ ನಾನು ಒಂದೇ ಫೋಟೋ ತರಿಸುವುದಿಲ್ಲ, ಆ ಜಾಗದಲ್ಲಿ ತೆಗೆದ ಅಷ್ಟೂ ಫ್ರೇಮ್ ಕೇಳ್ತೀನಿ. ಅದರಲ್ಲೇ ಇನ್ನೊಂದು ಸಿಕ್ಕಿತು: ಸ್ವಲ್ಪ ದೂರದಿಂದ ತೆಗೆದದ್ದು, ಹೆಂಗಸು ಮಧ್ಯದಲ್ಲಿ, ಸುತ್ತ ಮೈಕ್‌ಗಳು, ಒಬ್ಬ ಕ್ಯಾಮೆರಾಮನ್‌ನ ಬೆನ್ನು. ಅದನ್ನೇ ಹಾಕಿದೆವು, ಒಳಪುಟದಲ್ಲಿ. ಮೊದಲನೇದೇ ಚೆನ್ನಾಗಿತ್ತು ಅಂತ ಹುಡುಗ ಈಗಲೂ ವಾದ ಮಾಡ್ತಾನೆ. ನೋಡೋಕೆ ಚೆನ್ನಾಗೇ ಇತ್ತು.