ಹಾಲಿನ ತೊಟ್ಟೆ ಒಣಗಿರಲಿ: ಬಾಡಿಗೆಗೆ ಇರುವವರಿಗೊಂದು ನೆನಪು

ಕಾಸರಗೋಡಿನ ನಮ್ಮ ಫ್ಲ್ಯಾಟುಗಳಲ್ಲಿ ಪ್ಲಾಸ್ಟಿಕ್ ಒಯ್ಯಲು ಹರಿತ ಕರ್ಮ ಸೇನೆಯವರು ಬರುತ್ತಾರೆ. ಅವರಿಗೆ ಬೇಕಾದದ್ದು ತೊಳೆದು ಒಣಗಿಸಿದ ಪ್ಲಾಸ್ಟಿಕ್. ಹಾಲಿನ ತೊಟ್ಟೆ ಕತ್ತರಿಸುವಾಗ ಮೂಲೆಯ ತುಂಡು ಪೂರ್ತಿ ಬೇರೆಯಾಗದಂತೆ ನೋಡಿಕೊಳ್ಳಿ, ಆ ಚೂರನ್ನು ಆಮೇಲೆ ಹೆಕ್ಕುವುದು ಕಷ್ಟ. ಒಳಗೆ ನೀರು ಹಾಕಿ ಕುಲುಕಿ, ಬಾಯಿ ಕೆಳಗೆ ಮಾಡಿ ಕ್ಲಿಪ್ಪಿನಲ್ಲಿ ನೇತುಹಾಕಿ. ಮಳೆಗಾಲದಲ್ಲಿ ಒಣಗಲು ಎರಡು ದಿನವೂ ಬೇಕಾದೀತು. ಒದ್ದೆ ತೊಟ್ಟೆ ಒಂದಿದ್ದರೂ ಚೀಲಕ್ಕೆಲ್ಲ ಹುಳಿವಾಸನೆ ಹಿಡಿಯುತ್ತದೆ, ಆಮೇಲೆ ಯಾರೂ ಮುಟ್ಟುವುದಿಲ್ಲ.

ಅಡುಗೆಮನೆಯ ಕಸ ಗೊಬ್ಬರ ಮಾಡುವ ಬಯೋಬಿನ್ನಿಗೆ. ಅಲ್ಲಿ ಹುಳು ಬೀಳುವುದು ಹೆಚ್ಚಾಗಿ ನೀರಿನಿಂದ. ಗಂಜಿತಿಳಿ, ಸಾಂಬಾರು ಸೋಸಿ, ಗಟ್ಟಿ ಭಾಗ ಮಾತ್ರ ಹಾಕಿ, ಮೇಲೆ ಕಸ ಬೇಗ ಕೊಳೆಯಲು ಹಾಕುವ ಇನಾಕ್ಯುಲಮ್ ಹುಡಿಯನ್ನು ಕಸ ಕಾಣದಷ್ಟು ಉದುರಿಸಿ. ಬೂತಾಯಿಯ ತಲೆ, ಕರುಳು ಹಾಕಿದ ದಿನ ಹುಡಿ ಇನ್ನಷ್ಟು ಬೇಕು. ಕೆಳಗಿನಿಂದ ಕಪ್ಪು ನೀರು ಇಳಿದರೆ ತೇವ ಹೆಚ್ಚಾಗಿದೆ ಎಂದರ್ಥ. ಒಣ ಹುಡಿ ಸೇರಿಸಿ ಕೋಲಿನಿಂದ ಮಗುಚಿ. ಗೆರಟೆ ಬೇಗ ಕೊಳೆಯುವುದಿಲ್ಲ, ಬೇರೆ ಇಡಿ. ಡೈಪರ್, ಪ್ಯಾಡುಗಳನ್ನು ಪೇಪರಿನಲ್ಲಿ ಸುತ್ತಿ ಬೇರೆಯಾಗಿಯೇ ಕೊಡಬೇಕು. ದಯವಿಟ್ಟು ಇದೊಂದನ್ನು ಮರೆಯಬೇಡಿ, ಕಸ ವಿಂಗಡಿಸುವವರು ಬರಿಗೈಯಲ್ಲಿ ಮುಟ್ಟುವಂತಾಗಬಾರದು.

ಪಾರ್ಕಿಂಗ್: ನಿಮ್ಮ ಫ್ಲ್ಯಾಟಿನ ನಂಬರು ಬರೆದ ಜಾಗ ಮಾತ್ರ ನಿಮ್ಮದು. ಎರಡನೇ ಗಾಡಿ ಇದ್ದರೆ ತರುವ ಮೊದಲೇ ಹೇಳಿ, ಸೊಸೈಟಿಯಲ್ಲಿ ಕೇಳಿ ನೋಡುತ್ತೇನೆ.

ನೆಂಟರು ಬಂದರೆ ಗೇಟಿನ ಪುಸ್ತಕದಲ್ಲಿ ಹೆಸರು, ಗಾಡಿ ನಂಬರು ಬರೆಸಿ. ರಾತ್ರಿ ಉಳಿಯುವುದಿದ್ದರೆ ವಾಚ್‌ಮ್ಯಾನಿಗೆ ಮೊದಲೇ ತಿಳಿಸಿ.