ಕರುವಿನ ರೆನೆಟ್ ಇಲ್ಲದೆ ಗೌಡಾ ಚೀಸ್: ನನ್ನ ಅನುಭವ

"ಪನೀರನ್ನೇ ಗಟ್ಟಿಯಾಗಿ ಒತ್ತಿ ಫ್ರಿಜ್‌ನಲ್ಲಿಡಿ, ಅದೇ ಚೀಸ್" ಅಂತ ಬುದ್ಧಿ ಹೇಳಿದವರೇ ಈಗ ನನ್ನ ಗೌಡಾ, ಅಂದರೆ ತಿಂಗಳುಗಟ್ಟಲೆ ಮಾಗಿಸುವ ಡಚ್ ಚೀಸ್, ಕೇಳಿಕೊಂಡು ಬರುತ್ತಿದ್ದಾರೆ. ಸಸ್ಯಾಹಾರಿ ರೆನೆಟ್‌ನಲ್ಲಿ ಆಗೋದೇ ಇಲ್ಲ ಅಂದಿದ್ದರು.

ರೆನೆಟ್ ಅಂದರೆ ಹಾಲು ಕುಡಿಯುವ ಎಳೆಗರುವಿನ ನಾಲ್ಕನೇ ಹೊಟ್ಟೆಯಲ್ಲಿ ಸಿಗುವ ಕಿಣ್ವ. ಕರುವನ್ನು ಕಡಿದ ಮೇಲೆಯೇ ಅದು ಸಿಗೋದು. ಇಟಲಿಯ ಪಾರ್ಮಿಜಾನೊ ರೆಜ್ಜಾನೊಗೆ ಕರುವಿನ ರೆನೆಟ್ಟೇ ಬೇಕು ಅಂತ ನಿಯಮ ಇದೆ, ಹಾಗಾಗಿ ಅಸಲಿ ಪಾರ್ಮಿಜಾನೊ ಸಸ್ಯಾಹಾರಿ ಅಲ್ಲವೇ ಅಲ್ಲ. ನಾನು ಬಳಸೋದು ಒಂದು ಬಗೆಯ ಬೂಷ್ಟಿನಿಂದ ತೆಗೆದ, ಅದೇ ಕೆಲಸ ಮಾಡುವ ಕಿಣ್ವದ ಪುಡಿ.

ಪನೀರಿಗೆ ಕುದಿಯುವ ಹಾಲಿಗೆ ಹುಳಿ ಹಿಂಡುತ್ತೇವೆ, ಹಾಲು ಒಡೆಯುತ್ತದೆ. ರೆನೆಟ್ ಹಾಲನ್ನು ಒಡೆಯೋದಿಲ್ಲ, ಬೆಚ್ಚಗಿನ ಹಾಲನ್ನು ಹಾಗೇ ಗಡ್ಡೆ ಕಟ್ಟಿಸುತ್ತದೆ. ಹಾಲಿನ ಪ್ರೋಟೀನಾದ ಕೇಸಿನ್ ಕಣಗಳನ್ನು ದೂರ ಇಟ್ಟಿರುವ ಹೊರಪದರವನ್ನು ಅದು ಕತ್ತರಿಸುತ್ತದೆ, ಆಮೇಲೆ ಕ್ಯಾಲ್ಸಿಯಂ ಸಿಕ್ಕರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಗಡ್ಡೆಯಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಬದುಕಿರುತ್ತವೆ, ಕಿಣ್ವವೂ ಸ್ವಲ್ಪ ಉಳಿದಿರುತ್ತದೆ. ತಿಂಗಳುಗಟ್ಟಲೆ ಇವೆರಡೂ ಕೆಲಸ ಮಾಡಿದರೇನೇ ರುಚಿ ಬರೋದು. ಪನೀರಿನಲ್ಲಿ ಅಂಥದ್ದೇನೂ ಇಲ್ಲ, ಇಟ್ಟರೆ ಸುಮ್ನೆ ಹಳಸುತ್ತದೆ.

ನನ್ನ ಲೆಕ್ಕ ಹೀಗೆ: ಹತ್ತು ಲೀಟರ್ ಹಸುವಿನ ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, 32ಕ್ಕೆ ಇಳಿಸಿ, ಹೆಪ್ಪು ಹಾಕಿ ಮುಕ್ಕಾಲು ಗಂಟೆ ಬಿಡುತ್ತೇನೆ. ಆಮೇಲೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, ಕೊನೆಗೆ ರೆನೆಟ್. ಮುಕ್ಕಾಲು ಗಂಟೆ ಕಳೆದು ಚಾಕು ಹಾಕಿ ಎತ್ತಿದರೆ ಗಡ್ಡೆ ಸೀದಾ ಸೀಳಬೇಕು, ಸೀಳಿದ ಜಾಗದಲ್ಲಿ ತಿಳಿನೀರು ನಿಲ್ಲಬೇಕು. ಚೂರು ಮಾಡಿ, ತಿಳಿನೀರಿನಲ್ಲಿ ಮೂರನೇ ಒಂದು ಪಾಲು ತೆಗೆದು, ಅಷ್ಟೇ ಬಿಸಿನೀರು ನಿಧಾನಕ್ಕೆ ಹಾಕಿ 38ಕ್ಕೆ ತರುತ್ತೇನೆ. ಆಮೇಲೆ ಗಡ್ಡೆಯನ್ನು ಒತ್ತುತ್ತೇನೆ.

ಪ್ಯಾಕೆಟ್ ಹಾಲಿನಲ್ಲಿ ದುಡ್ಡು ಜಾಸ್ತಿ ಹೋಯಿತು. ಹೋಮೋಜಿನೈಸ್ ಆದ, ಅಂದರೆ ಕೊಬ್ಬನ್ನು ಸಣ್ಣ ಕಣಗಳಾಗಿ ಒಡೆದು ಬೆರೆಸಿದ ಹಾಲು ಗಂಜಿಯಂತೆ ಸಡಿಲವಾಗಿಯೇ ನಿಂತಿತು. ನಲ್ಲಿನೀರಿನ ಕ್ಲೋರಿನ್ ರೆನೆಟ್ಟನ್ನು ಕೊಲ್ಲುತ್ತದೆ, ಕುದಿಸಿ ಆರಿಸಿದ ನೀರಿನಲ್ಲೇ ಕಲಸಿ. ಬೂಷ್ಟಿನ ರೆನೆಟ್ ಜಾಸ್ತಿ ಆದರೆ ಮೊದಲು ಏನೂ ಗೊತ್ತಾಗೋದಿಲ್ಲ, ಎರಡನೇ ತಿಂಗಳಿಗೆ ಕಹಿ ಬರುತ್ತದೆ. "ಆಗೋದಿಲ್ಲ" ಅನ್ನುವವರು ತಿಂದಿದ್ದು ಬಹುಶಃ ಇಂಥದ್ದನ್ನೇ. ಪಪ್ಪಾಯಿ ಕಾಯಿಯ ಹಾಲನ್ನೂ ಹಾಕಿ ನೋಡಿದೆ. ಗಡ್ಡೆ ಬೇಗ ಕಟ್ಟಿತು, ಆದರೆ ಅದು ಕಂಡಕಂಡ ಪ್ರೋಟೀನನ್ನೆಲ್ಲ ಕಡಿಯುತ್ತದೆ, ಮಾಗುವ ಮೊದಲೇ ಕಹಿ!

ಖರ್ಚು? ಹಾಲಿಗೆ ಐನೂರರ ಆಸುಪಾಸು, ಸಿಗೋದು ಕೆಜಿ ಚೀಸ್. ಅದೇ ಹಾಲಿಗೆ ಪನೀರು ಒಂದೂವರೆ ಕೆಜಿ ಬರುತ್ತದೆ, ಅದೂ ಅದೇ ದಿನ. ಮಾಗಿಸಲು ಹಳೇ ಫ್ರಿಜ್‌ಗೆ ಥರ್ಮೋಸ್ಟಾಟ್ ಜೋಡಿಸಿ 12 ಡಿಗ್ರಿಯಲ್ಲಿ ಇಟ್ಟಿದ್ದೇನೆ, ಅದಕ್ಕೊಂದು ಎರಡು ಸಾವಿರ ಆಗಿರಬೇಕು. ಉಪ್ಪುನೀರಿನಲ್ಲಿ ಎಷ್ಟು ಹೊತ್ತು ಮುಳುಗಿಸಬೇಕು, ಸಿಪ್ಪೆಗೆ ಏನು ಸವರಬೇಕು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.